ಆಡಿಟ್ ಸೀನಿಯರ್ ಬರೆಯುವ ಎರಡನೇ ರಿಮೈಂಡರ್: ಆ ಮೇಲ್‌ನ ಒಂದೊಂದು ಸಾಲಿನ ಹಿಂದೆ ಏನಿದೆ

ಆಗಸ್ಟ್ ಅರ್ಧ ಕಳೆಯುವ ಹೊತ್ತಿಗೆ ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳ ಅಕೌಂಟ್ಸ್ ವಿಭಾಗಕ್ಕೆ ಆಡಿಟರ್ ಕಚೇರಿಯಿಂದ ಒಂದು ಮೇಲ್ ಬಂದಿರುತ್ತದೆ. ಭಾಷೆಯಲ್ಲಿ ವಿನಯವಿರುತ್ತದೆ, ಆದರೆ ಕೊನೆಯಲ್ಲೊಂದು ದಿನಾಂಕವಿರುತ್ತದೆ, ನಿರ್ದೇಶಕರ ಹೆಸರು ಸಿಸಿಯಲ್ಲಿರುತ್ತದೆ. ಓದಿದ ಮ್ಯಾನೇಜರ್‌ಗೆ ಮೊದಲು ಅನ್ನಿಸುವುದು "ಇಷ್ಟಕ್ಕೆ ಇವರು ಬಾಸ್‌ವರೆಗೂ ಹೋಗಬೇಕಿತ್ತೇ" ಎಂದು. ಬರೆದ ಹುಡುಗನಿಗೋ ಹುಡುಗಿಗೋ ಇರುವ ಚಿಂತೆ ಬೇರೆ. ಜಾಸ್ತಿ ಮೆತ್ತಗೆ ಬರೆದರೆ ಉತ್ತರ ಬರುವುದಿಲ್ಲ, ಜಾಸ್ತಿ ಗಡುಸಾಗಿ ಬರೆದರೆ ಪಾರ್ಟ್‌ನರ್‌ಗೆ ಫೋನ್ ಹೋಗುತ್ತದೆ.

ಈ ಮೇಲ್‌ನ ಗಟ್ಟಿತನ ದನಿಯಲ್ಲಿಲ್ಲ, ಲೆಕ್ಕದಲ್ಲಿದೆ. ಯಾವ ಕಾಗದ ಬೇಕು, ಯಾವ ದಿನಕ್ಕೆ ಬೇಕು, ಆ ದಿನವೇ ಏಕೆ ಎಂಬ ಮೂರನ್ನೂ ಸರಿಯಾಗಿ ಹೇಳಿದರೆ ಗದರುವ ಅಗತ್ಯ ಬೀಳುವುದಿಲ್ಲ. ಪೀಣ್ಯದ ಒಂದು ಕಲ್ಪಿತ ಕಂಪನಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಹಿತ್ತಾಳೆ ಬಿಡಿಭಾಗ ತಯಾರಿಸುವ ಪ್ರೈವೇಟ್ ಲಿಮಿಟೆಡ್, ವರ್ಷದ ವಹಿವಾಟು ಸುಮಾರು 18 ಕೋಟಿ, ತೆರಿಗೆಗೆ ಮುಂಚಿನ ಲಾಭ 90 ಲಕ್ಷ. ಲೆಕ್ಕದ ವರ್ಷ ಮುಗಿದದ್ದು 2025ರ ಮಾರ್ಚ್ 31ಕ್ಕೆ.

ಕ್ವೆರಿ ಎಂದರೇನು, ಕೇಳುವವರು ಯಾರು

ಆಡಿಟ್ ತಂಡದಲ್ಲಿ ಮೇಲೆ ಪಾರ್ಟ್‌ನರ್ ಇರುತ್ತಾರೆ. ವರದಿಗೆ ಸಹಿ ಹಾಕುವವರು ಅವರೇ. ಕೆಳಗೆ ಸಿಎ ಓದುತ್ತಾ ಕೆಲಸ ಕಲಿಯುವ ಆರ್ಟಿಕಲ್‌ಗಳು ಇರುತ್ತಾರೆ. ನಡುವೆ ಇದ್ದು ದಿನದ ಕೆಲಸ ನಡೆಸುವವರು ಸೀನಿಯರ್. ಪುಸ್ತಕದಲ್ಲಿ ಕಂಡ ಒಂದು ಅಂಕಿಗೆ ಆಧಾರ ಸಿಗದಿದ್ದಾಗ ಇವರು ಎತ್ತುವ ಪ್ರಶ್ನೆಗೆ ಕ್ವೆರಿ ಎನ್ನುತ್ತಾರೆ. ಕ್ವೆರಿ ಆರೋಪವಲ್ಲ. ಮನೆ ಕಟ್ಟಿಸುವವರು ಮೇಸ್ತ್ರಿಯನ್ನು "ಈ ಸಿಮೆಂಟ್ ಬಿಲ್ ಎಲ್ಲಿ" ಎಂದು ಕೇಳಿದ ಹಾಗೆ. ಬಿಲ್ ಇದ್ದರೆ ಮಾತು ಅಲ್ಲಿಗೆ ಮುಗಿಯಿತು.

ಕೇಳುವ ಹಕ್ಕು ಬರುವುದು ಕಂಪನಿ ಕಾಯ್ದೆ 2013ರ ಸೆಕ್ಷನ್ 143ರಿಂದ. ಪುಸ್ತಕಗಳನ್ನು ಯಾವ ಹೊತ್ತಿನಲ್ಲಾದರೂ ನೋಡುವ, ಅಧಿಕಾರಿಗಳಿಂದ ಮಾಹಿತಿ ಮತ್ತು ವಿವರಣೆ ಪಡೆಯುವ ಅಧಿಕಾರ ಅದರಲ್ಲಿದೆ. ಅದೇ ಸೆಕ್ಷನ್ ಆಡಿಟರ್‌ನನ್ನೂ ಕಟ್ಟಿಹಾಕುತ್ತದೆ: ಬೇಕಾದ ಮಾಹಿತಿಯನ್ನೆಲ್ಲ ಕೇಳಿ ಪಡೆದಿದ್ದೇನೆಯೇ, ಇಲ್ಲವಾದರೆ ಅದರ ಪರಿಣಾಮವೇನು ಎಂದು ವರದಿಯಲ್ಲೇ ಬರೆಯಬೇಕು. ಹಾಗಾಗಿ ಉತ್ತರ ಬಾರದ ಕ್ವೆರಿಯನ್ನು "ಹೋಗಲಿ ಬಿಡಿ" ಎಂದು ಬಿಡಲು ಸೀನಿಯರ್‌ಗೆ ಆಗುವುದಿಲ್ಲ.

ದಿನಾಂಕವನ್ನು ಹಿಂದಿನಿಂದ ಎಣಿಸುವುದು

ಹೆಚ್ಚಿನ ಕ್ಲೈಂಟ್‌ಗಳ ತಲೆಯಲ್ಲಿರುವ ಗಡುವು ಸೆಪ್ಟೆಂಬರ್ 30. ಮಾರ್ಚ್‌ಗೆ ವರ್ಷ ಮುಗಿಸುವ ಕಂಪನಿ ಆರು ತಿಂಗಳೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕು. ಆ ಆರು ತಿಂಗಳು ಮುಗಿಯುವುದು ಅಂದೇ. ಆಗಸ್ಟ್ 18ರಂದು ನಿಂತು ನೋಡಿದರೆ ಇನ್ನೂ ಆರು ವಾರ ಉಂಟಲ್ಲ ಅನ್ನಿಸುತ್ತದೆ. ಎಡವುವುದು ಇಲ್ಲೇ.

ಸಭೆಯ ನೋಟಿಸ್‌ಗೂ ಸಭೆಗೂ ನಡುವೆ 21 ಪೂರ್ಣ ದಿನ ಇರಬೇಕು. ನೋಟಿಸ್ ಕಳಿಸಿದ ದಿನವನ್ನೂ ಸಭೆಯ ದಿನವನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಸೆಪ್ಟೆಂಬರ್ 9ರಿಂದ 29ರವರೆಗೆ ಎಣಿಸಿದರೆ ಸರಿಯಾಗಿ 21. ಅಂದರೆ ಮೇಲ್ ಮೂಲಕ ನೋಟಿಸ್ ಹೋಗಲು ಸೆಪ್ಟೆಂಬರ್ 8 ಕೊನೆಯ ದಿನ. ನೋಟಿಸ್ ಜೊತೆ ಆಡಿಟ್ ಆದ ಲೆಕ್ಕವೂ ಹೋಗಬೇಕಾದ್ದರಿಂದ ಅದಕ್ಕೂ ಮುಂಚೆ ಬೋರ್ಡ್ ಕುಳಿತು ಲೆಕ್ಕ ಒಪ್ಪಬೇಕು. ಸೆಪ್ಟೆಂಬರ್ 5 ಈದ್ ಮಿಲಾದ್ ರಜೆ, ಆಮೇಲೆ ಶನಿವಾರ, ಭಾನುವಾರ. ಹಾಗಾಗಿ ನಮ್ಮ ಕಂಪನಿ 4ನೇ ತಾರೀಖು ಗುರುವಾರ ಬೋರ್ಡ್ ಸಭೆ ಇಟ್ಟುಕೊಂಡಿದೆ. ಪಾರ್ಟ್‌ನರ್ ಫೈಲ್ ಓದಿ, ಸಂಶಯ ಕೇಳಿ, ತಿದ್ದುಪಡಿ ಆಗಿ ಮುಗಿಯಲು ಮೂರು ದಿನವಾದರೂ ಬೇಕು. ಫೈಲ್ ಅವರ ಮೇಜಿಗೆ ಸೆಪ್ಟೆಂಬರ್ 1ರ ಬೆಳಿಗ್ಗೆ ಹೋಗಬೇಕು. ಸೀನಿಯರ್‌ಗೆ ಬಂದ ದಾಖಲೆ ಪರಿಶೀಲಿಸಲು ಮೂರು ನಾಲ್ಕು ದಿನ ಬೇಕು. ಆದರೆ ಆಗಸ್ಟ್ 26 ಗೌರಿ, 27 ಗಣೇಶ. ಅಕೌಂಟ್ಸ್‌ನವರು ಊರಿಗೆ ಹೊರಟರೆ ಆ ವಾರ ಮುಗಿದಂತೆಯೇ.

ಹೀಗೆ ಎಣಿಸುತ್ತಾ ಬಂದರೆ ನಿಜವಾದ ಗಡುವು ಆಗಸ್ಟ್ 25, ಸೋಮವಾರ. ಆರು ವಾರ ಅಂದುಕೊಂಡದ್ದು ಒಂದು ವಾರವಾಯಿತು. ಎಲ್ಲ ಅಥವಾ ಬಹುತೇಕ ಷೇರುದಾರರು ಒಪ್ಪಿದರೆ ನೋಟಿಸ್ ಅವಧಿಯನ್ನು ಕಡಿಮೆ ಮಾಡಲು ಕಾಯ್ದೆಯಲ್ಲಿ ದಾರಿಯಿದೆ (95% ಒಪ್ಪಿಗೆ ಬೇಕು), ಪ್ರೈವೇಟ್ ಕಂಪನಿ ತನ್ನ ನಿಯಮಾವಳಿಯಾದ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್‌ನಲ್ಲಿ ಬೇರೆ ನಿಯಮ ಇಟ್ಟುಕೊಂಡಿರಲೂಬಹುದು. ಅಪ್ಪ, ಮಗ, ಸೊಸೆ ಮೂವರೇ ಷೇರುದಾರರಿರುವ ಕಂಪನಿಗೆ ಇದು ಕಷ್ಟವೂ ಅಲ್ಲ. ಆದರೆ ಆ ದಾರಿ ಆಪತ್ತಿಗೆ ಇಟ್ಟುಕೊಳ್ಳುವಂಥದ್ದು. ಅದನ್ನೇ ನಂಬಿ ಗಡುವು ಹಾಕುವ ಸೀನಿಯರ್‌ಗೆ ಕೊನೆಯಲ್ಲಿ ಹಿಂದೆ ಸರಿಯಲು ಜಾಗ ಉಳಿಯುವುದಿಲ್ಲ.

ಮೇಲ್

ಬೆಂಗಳೂರಿನಲ್ಲಿ ಇಂಥ ಮೇಲ್ ಹೆಚ್ಚಾಗಿ ಇಂಗ್ಲಿಷ್‌ನಲ್ಲಿ ಹೋಗುತ್ತದೆ, ಅದರ ಹಿಂದಿನ ಫೋನ್ ಮಾತು ಕನ್ನಡದಲ್ಲಿ ನಡೆಯುತ್ತದೆ. ಇಲ್ಲಿ ಮೇಲನ್ನೂ ಕನ್ನಡದಲ್ಲೇ ಕೊಟ್ಟಿದೆ. ಇದು ಎರಡನೇ ರಿಮೈಂಡರ್. ಹೋದದ್ದು ಆಗಸ್ಟ್ 18, ಸೋಮವಾರ ಬೆಳಿಗ್ಗೆ. ಫೈನಾನ್ಸ್ ಮ್ಯಾನೇಜರ್‌ಗೆ ನೇರವಾಗಿ, ನಿರ್ದೇಶಕರಿಗೂ ಆಡಿಟ್ ಪಾರ್ಟ್‌ನರ್‌ಗೂ ಸಿಸಿ.

> ವಿಷಯ: 2024–25ರ ಆಡಿಟ್: ಬಾಕಿ 5 ಕ್ವೆರಿ, ಆಗಸ್ಟ್ 25 ಸೋಮವಾರ ಸಂಜೆ 5ರೊಳಗೆ
>
> ನಮಸ್ಕಾರ ಸರ್,
>
> ಜುಲೈ 21ರಂದು ಕಳಿಸಿದ 14 ಕ್ವೆರಿಗಳಲ್ಲಿ 9 ಕ್ಲೋಸ್ ಆಗಿವೆ. ಸ್ಥಿರಾಸ್ತಿ ರಿಜಿಸ್ಟರ್ ಮತ್ತು ಸಾಲದ ಪತ್ರಗಳನ್ನು ನಿಮ್ಮ ತಂಡ ಬೇಗ ಕೊಟ್ಟದ್ದರಿಂದ ಆ ಭಾಗ ಪೂರ್ತಿ ಮುಗಿದಿದೆ, ಧನ್ಯವಾದ. ಆಗಸ್ಟ್ 4ರಂದು ನೆನಪಿಸಿದ ಮೇಲೂ 5 ಬಾಕಿ ಉಳಿದಿವೆ. ಅವುಗಳಲ್ಲಿ ಈ ಮೂರು ಬಾರದೆ ನಾವು ವರದಿಯ ಹಂತಕ್ಕೆ ಹೋಗಲು ಆಗುವುದಿಲ್ಲ.
>
> ಕ್ವೆರಿ 5, ಗ್ರಾಹಕರ ಬಾಕಿ: ಮಾರ್ಚ್ 31ಕ್ಕೆ ಒಬ್ಬ ಗ್ರಾಹಕರಿಂದ ಬರಬೇಕಾದದ್ದು ₹42,60,000. ಏಪ್ರಿಲ್‌ನಿಂದ ಜುಲೈವರೆಗೆ ಬ್ಯಾಂಕಿಗೆ ಬಂದದ್ದು ₹17,80,000 ಎಂದು ನೋಡಿಕೊಂಡಿದ್ದೇವೆ. ಉಳಿದ ₹24,80,000ಕ್ಕೆ ಇನ್‌ವಾಯ್ಸ್, ಇ-ವೇ ಬಿಲ್ ಮತ್ತು ಗ್ರಾಹಕರ ಸೀಲ್ ಇರುವ ಡೆಲಿವರಿ ಪ್ರತಿ ಬೇಕು. ಇದರಲ್ಲಿ ₹11,35,000 ಆರು ತಿಂಗಳಿಗಿಂತ ಹಳೆಯದು. ವಸೂಲಿಯ ಬಗ್ಗೆ ಕಂಪನಿಯ ಅಭಿಪ್ರಾಯವನ್ನು ಬರೆದು ಕೊಡಿ. ಕನ್ಫರ್ಮೇಷನ್ ಪತ್ರಕ್ಕೆ ಇವತ್ತೇ ಸಹಿಯಾದರೆ ಅದನ್ನೂ ಕಳಿಸುತ್ತೇವೆ.
>
> ಕ್ವೆರಿ 9, ದಾಸ್ತಾನು: ಪುಸ್ತಕದಲ್ಲಿ ₹1,12,40,000, ಎಣಿಕೆ ಪಟ್ಟಿಯಲ್ಲಿ ₹1,06,21,600. ವ್ಯತ್ಯಾಸ ₹6,18,400. ಇದು ಪ್ಲೇಟಿಂಗ್‌ಗೆ ಹೋದ ಮಾಲು ಎಂದು ಫೋನಿನಲ್ಲಿ ಹೇಳಿದ್ದಿರಿ. ಮಾರ್ಚ್ 31ಕ್ಕೆ ಮುಂಚಿನ ಡೆಲಿವರಿ ಚಲನ್‌ಗಳು, ಜಾಬ್ ವರ್ಕ್ ಮಾಡುವವರಿಂದ ಅಂದು ತಮ್ಮಲ್ಲಿದ್ದ ಮಾಲಿನ ಪತ್ರ, ವಾಪಸ್ ಬಂದ ದಿನದ ಗೇಟ್ ಎಂಟ್ರಿ ಬೇಕು.
>
> ಕ್ವೆರಿ 11, ಸಣ್ಣ ಉದ್ದಿಮೆಗಳ ಬಾಕಿ: 212 ಸರಬರಾಜುದಾರರದ್ದೂ ಬೇಡ. ಮಾರ್ಚ್ 31ಕ್ಕೆ ಬಾಕಿ ಇದ್ದ 38 ಜನರ ಪಟ್ಟಿ ಲಗತ್ತಿಸಿದ್ದೇವೆ. ಅವರಲ್ಲಿ ಉದ್ಯಮ್ ನೋಂದಣಿ ಇರುವವರು ಯಾರು, ಮೈಕ್ರೋನಾ, ಸ್ಮಾಲಾ ಎಂದು ತುಂಬಿಸಿ, ಸರ್ಟಿಫಿಕೇಟ್ ಪ್ರತಿ ಸೇರಿಸಿ.
>
> ಉಳಿದ ಕ್ವೆರಿ 3 ಮತ್ತು 8 ಆಗಸ್ಟ್ 29ಕ್ಕೆ ಬಂದರೂ ನಡೆಯುತ್ತದೆ.
>
> ಬೋರ್ಡ್ ಸಭೆ ಸೆಪ್ಟೆಂಬರ್ 4ಕ್ಕೆ, ಮಹಾಸಭೆಯ ನೋಟಿಸ್ 8ರೊಳಗೆ ಹೋಗಬೇಕು. ಹಬ್ಬದ ಎರಡು ದಿನ ಬಿಟ್ಟರೆ ನಮಗೆ ಪರಿಶೀಲನೆಗೆ ಉಳಿಯುವುದು ಶನಿವಾರ, ಭಾನುವಾರ ಸೇರಿ ನಾಲ್ಕೇ ದಿನ. 25ರ ಸಂಜೆಗೆ ಇವು ಬಾರದಿದ್ದರೆ ಸೆಪ್ಟೆಂಬರ್ 4ರ ದಿನಾಂಕ ಉಳಿಸಿಕೊಳ್ಳಲು ನಮಗೆ ಆಗದೇ ಹೋಗಬಹುದು. ಸಿಗದ ಮಾಹಿತಿಯಿಂದ ವರದಿಯ ಮೇಲಾಗುವ ಪರಿಣಾಮವನ್ನೂ ನಮ್ಮ ಪಾರ್ಟ್‌ನರ್ ಪರಿಶೀಲಿಸಬೇಕಾಗುತ್ತದೆ.
>
> ಚಲನ್ ಫೈಲ್ ತೆಗೆದಿಟ್ಟರೆ ಬುಧವಾರ ನಮ್ಮ ಆರ್ಟಿಕಲ್ ಪೀಣ್ಯಕ್ಕೇ ಬಂದು ನೋಡುತ್ತಾರೆ. ಇವುಗಳಲ್ಲಿ ಯಾವುದಾದರೂ ಈಗಾಗಲೇ ಕಳಿಸಿದ್ದರೆ ಕಳಿಸಿದ ದಿನಾಂಕ ತಿಳಿಸಿ, ಹುಡುಕಿಕೊಳ್ಳುತ್ತೇವೆ. ನಾಳೆ ಬೆಳಿಗ್ಗೆ 11ಕ್ಕೆ ಫೋನ್ ಮಾಡುತ್ತೇನೆ.
>
> ವಂದನೆಗಳೊಂದಿಗೆ,
> ಆಡಿಟ್ ಸೀನಿಯರ್

ಕಾಗದದ ಹೆಸರು ಹೇಳುವುದು

"ಬಾಕಿ ಇರುವ ಎಲ್ಲ ದಾಖಲೆಗಳನ್ನು ಆದಷ್ಟು ಬೇಗ ಕಳಿಸಿ" ಎಂದು ಬರೆದ ರಿಮೈಂಡರ್‌ಗೆ ಬರುವ ಉತ್ತರ ಗೊತ್ತಿರುವುದೇ: "ನಾಳೆ ಕಳಿಸ್ತೀವಿ ಸರ್." ಅವರು ಸುಳ್ಳು ಹೇಳುತ್ತಿಲ್ಲ. "ಎಲ್ಲ" ಎಂದರೆ ಯಾವುದು, "ಬೇಗ" ಎಂದರೆ ಯಾವಾಗ ಎಂದು ಅವರಿಗೆ ತಿಳಿಯುವುದಿಲ್ಲ. ಮೇಲಿನ ಮೇಲ್‌ನಲ್ಲಿ ಪ್ರತಿ ಕ್ವೆರಿಗೆ ಒಂದು ಅಂಕಿ ಇದೆ, ಯಾವ ಕಾಗದ ಬಂದರೆ ಅದು ಕ್ಲೋಸ್ ಆಗುತ್ತದೆ ಎಂಬುದಿದೆ. ಮ್ಯಾನೇಜರ್ ಅದನ್ನು ಹಾಗೇ ಸ್ಟೋರ್ಸ್‌ನವರಿಗೆ ಫಾರ್ವರ್ಡ್ ಮಾಡಬಹುದು.

ಗ್ರಾಹಕರ ಬಾಕಿಯ ಕ್ವೆರಿಯಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯವಾಗಿ ಆಡಿಟರ್ ಬಯಸುವುದು ಕನ್ಫರ್ಮೇಷನ್, ಅಂದರೆ "ಹೌದು, ನಾವು ಇಷ್ಟು ಕೊಡಬೇಕು" ಎಂದು ಗ್ರಾಹಕರೇ ಬರೆಯುವ ಪತ್ರ. ಕೇಳುವ ಪತ್ರಕ್ಕೆ ಸಹಿ ಹಾಕುವುದು ಕಂಪನಿ, ಕಳಿಸುವುದು ಆಡಿಟರ್, ಉತ್ತರ ನೇರವಾಗಿ ಬರಬೇಕಾದದ್ದು ಆಡಿಟರ್‌ಗೆ. ಕಂಪನಿಯ ಕೈ ಮೂಲಕ ಬಂದರೆ ಅದರ ತೂಕ ಇಳಿಯುತ್ತದೆ. ಎಸ್‌ಎ 505 ಎಂಬ ಆಡಿಟ್ ಮಾನದಂಡ ಹೇಳುವುದು ಇದನ್ನೇ. ನಮ್ಮ ಉದಾಹರಣೆಯಲ್ಲಿ ಪತ್ರಕ್ಕೆ ಸಹಿಯೇ ಆಗಿಲ್ಲ. ಒಂದು ವಾರ ಉಳಿದಿರುವಾಗ ಪತ್ರ ಹೋಗಿ, ಆ ಕಡೆಯ ಅಕೌಂಟ್ಸ್‌ನವರು ತಾಳೆ ನೋಡಿ, ಉತ್ತರ ಬರುವುದು ಕಷ್ಟ. ಎರಡನೇ ರಿಮೈಂಡರ್‌ನಲ್ಲೂ ಅದನ್ನೊಂದೇ ಕೇಳುತ್ತಾ ಕುಳಿತರೆ ಸಮಯ ದಂಡ. ಅದಕ್ಕೇ ಸೀನಿಯರ್ ಬದಲಿ ದಾರಿ ಕೊಟ್ಟಿದ್ದಾರೆ: ಬಂದ ಹಣವನ್ನು ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ ತಾವೇ ಕಳೆದುಕೊಂಡು, ಉಳಿದದ್ದಕ್ಕೆ ಮಾಲು ಹೋಗಿ ತಲುಪಿದ ಸಾಕ್ಷಿ ಕೇಳಿದ್ದಾರೆ.

ಆದರೆ ಮಾಲು ತಲುಪಿದ್ದಕ್ಕೆ ಸಾಕ್ಷಿ ಸಿಕ್ಕಿತೆಂದರೆ ಹಣ ಬರುತ್ತದೆಂದು ಅರ್ಥವಲ್ಲ. ಆರು ತಿಂಗಳು ದಾಟಿದ ₹11,35,000ದ ಬಗ್ಗೆ ಬೇರೆಯಾಗಿ ಕೇಳಿರುವುದು ಆ ಕಾರಣಕ್ಕೆ. ಮಾಲು ಸರಿಯಿಲ್ಲವೆಂದು ಗ್ರಾಹಕರು ತಕರಾರು ತೆಗೆದಿದ್ದರೆ ಇ-ವೇ ಬಿಲ್ ಎಷ್ಟು ತೋರಿಸಿದರೂ ಪ್ರಯೋಜನವಿಲ್ಲ. ನಷ್ಟಕ್ಕೆ ಹಣ ತೆಗೆದಿಡಬೇಕಾಗಬಹುದು.

38 ಹೆಸರಿನ ಪಟ್ಟಿ ಇನ್ನೊಂದು ಚಾತುರ್ಯ. ನೋಂದಾಯಿತ ಮೈಕ್ರೋ ಮತ್ತು ಸ್ಮಾಲ್ ಉದ್ದಿಮೆಗಳಿಗೆ ಹಣ ಕೊಡಲು ಬರಹದ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನ. ವರ್ಷದ ಕೊನೆಗೆ ಅವರಿಗೆ ಉಳಿದ ಬಾಕಿಯನ್ನು ಬ್ಯಾಲೆನ್ಸ್ ಶೀಟ್‌ನಲ್ಲಿ ಬೇರೆ ತೋರಿಸಬೇಕು, ಗಡುವು ಮೀರಿದ ಬಾಕಿ ತೆರಿಗೆ ಲೆಕ್ಕದಲ್ಲೂ ಆ ವರ್ಷದ ಖರ್ಚಾಗಿ ಸಿಗುವುದಿಲ್ಲ. 212 ಸರ್ಟಿಫಿಕೇಟ್ ಕೇಳಿದ ದಿನ ಮ್ಯಾನೇಜರ್ ಆ ಫೈಲನ್ನು ಮುಟ್ಟಿರಲಿಕ್ಕಿಲ್ಲ. ಉತ್ತರ ಬಾರದ ಎಷ್ಟೋ ಕ್ವೆರಿಗಳಲ್ಲಿ ತಪ್ಪು ಕೇಳಿದ ರೀತಿಯದ್ದೇ ಆಗಿರುತ್ತದೆ ಎಂದು ಒಪ್ಪಬೇಕು.

ಹೇಳಬಾರದ ಎರಡು ಮಾತು

ಮೊದಲನೆಯದು, "25ರೊಳಗೆ ಕೊಡದಿದ್ದರೆ ವರದಿ ಕ್ವಾಲಿಫೈ ಮಾಡುತ್ತೇವೆ." ಕ್ವಾಲಿಫೈಡ್ ವರದಿ ಎಂದರೆ "ಈ ಒಂದು ವಿಷಯ ಬಿಟ್ಟು ಉಳಿದದ್ದು ಸರಿ" ಎಂಬ ಅಭಿಪ್ರಾಯ. ಸಿಗದ ಮಾಹಿತಿ ದೊಡ್ಡದಾಗಿದ್ದು ಲೆಕ್ಕದ ತುಂಬಾ ಹರಡಿದ್ದರೆ ಆಡಿಟರ್ ಅಭಿಪ್ರಾಯವನ್ನೇ ಕೊಡುವುದಿಲ್ಲ. ಅದಕ್ಕೆ ಡಿಸ್‌ಕ್ಲೇಮರ್ ಎನ್ನುತ್ತಾರೆ. ಇವೆರಡರಲ್ಲಿ ಯಾವುದು, ಅಥವಾ ಎರಡೂ ಬೇಡವೇ ಎಂದು ತೀರ್ಮಾನಿಸುವವರು ಪಾರ್ಟ್‌ನರ್, ಅದೂ ಬೇರೆ ದಾರಿಗಳನ್ನೆಲ್ಲ ನೋಡಿ, ನಿರ್ದೇಶಕರ ಹತ್ತಿರ ಮಾತಾಡಿದ ಮೇಲೆ. ಸೀನಿಯರ್ ಮೇಲ್‌ನಲ್ಲಿ ಅದನ್ನು ಮೊದಲೇ ಘೋಷಿಸಿದರೆ ಬೆದರಿಕೆಯಾಗುತ್ತದೆ, ನಾಳೆ ನಡೆಸಿಕೊಡಲಾಗದ ಮಾತೂ ಆಗುತ್ತದೆ. "ಪಾರ್ಟ್‌ನರ್ ಪರಿಶೀಲಿಸಬೇಕಾಗುತ್ತದೆ" ಎಂಬುದು ಮೆತ್ತಗಿದ್ದರೂ ಸುಳ್ಳಿಲ್ಲದ ಮಾತು. ಓವರ್‌ಡ್ರಾಫ್ಟ್ ಸಾಲ ನವೀಕರಿಸಲು ಬ್ಯಾಂಕಿಗೆ ಹೋಗಬೇಕಾದ ನಿರ್ದೇಶಕರಿಗೆ ಅಷ್ಟು ಸಾಕು.

ಎರಡನೆಯದು, "₹6,18,400 ನಮ್ಮ ಮಿತಿಗಿಂತ ಜಾಸ್ತಿ." ಯಾವ ಮೊತ್ತದ ತಪ್ಪು ಓದುಗರ ತೀರ್ಮಾನ ಬದಲಿಸಬಲ್ಲದು ಎಂದು ಆಡಿಟರ್ ಒಂದು ಅಂಕಿ ಇಟ್ಟುಕೊಂಡಿರುತ್ತಾರೆ, ಇದೇ ಮೆಟೀರಿಯಾಲಿಟಿ. ತೆರಿಗೆಗೆ ಮುಂಚಿನ ಲಾಭದ 5% ಎಂಬುದು ರೂಢಿಯ ಒಂದು ಅಳತೆ. ನಮ್ಮ ಕಂಪನಿಗೆ ಅದು 4.5 ಲಕ್ಷ. ದಾಸ್ತಾನಿನ ವ್ಯತ್ಯಾಸ ಅದನ್ನು ದಾಟುತ್ತದೆ, ಅದಕ್ಕೇ ಅದು ಮೊದಲ ಮೂರರಲ್ಲಿದೆ. ಆದರೆ ಮಿತಿ ಬಾಯಿಬಿಟ್ಟರೆ "ಹಾಗಾದರೆ ಎರಡು ಲಕ್ಷಕ್ಕೆ ಇಳಿಸಿ ಕೊಟ್ಟರೆ ಸಾಕಲ್ಲ" ಎಂಬ ಚೌಕಾಸಿಗೆ ದಾರಿ ಮಾಡಿಕೊಟ್ಟಂತೆ.

ಸಹಾಯ ಮಾಡುತ್ತೇವೆ ಎನ್ನುವುದಕ್ಕೂ ಗೆರೆ ಇದೆ. ಆರ್ಟಿಕಲ್ ಬಂದು ಚಲನ್ ನೋಡಬಹುದು. "ಹೇಗೂ ಬಂದಿದ್ದೀರಲ್ಲ, ತಾಳೆಪಟ್ಟಿ ನೀವೇ ಮಾಡಿ ಎಂಟ್ರಿನೂ ಹಾಕಿಬಿಡಿ" ಎಂದರೆ ಒಪ್ಪುವಂತಿಲ್ಲ. ಆಡಿಟ್ ಮಾಡುವ ಕಂಪನಿಗೆ ಲೆಕ್ಕ ಬರೆದುಕೊಡುವುದನ್ನು ಕಾಯ್ದೆಯ ಸೆಕ್ಷನ್ 144 ನಿಷೇಧಿಸುತ್ತದೆ.

ಸಿಸಿ ಯಾರಿಗೆ, ಯಾವಾಗ

ಮೊದಲ ರಿಮೈಂಡರ್‌ನಲ್ಲಿ ನಿರ್ದೇಶಕರನ್ನು ಸೇರಿಸದಿರುವುದೇ ಮೇಲು. ಎರಡನೆಯದರಲ್ಲಿ ಸೇರಿಸುವುದು ನ್ಯಾಯ; ಸಭೆಯ ದಿನಾಂಕ ಅವರದ್ದು, ಅದು ಜಾರಬಹುದೆಂದು ಅವರಿಗೆ ತಿಳಿಯಬೇಕು. ಆದರೆ ಮ್ಯಾನೇಜರ್‌ಗೆ ಒಂದು ಫೋನ್ ಹೋಗಿರಬೇಕು: "ಸರ್, ಇವತ್ತು ಕಳಿಸುವ ಮೇಲ್‌ನಲ್ಲಿ ಡೈರೆಕ್ಟರ್ ಸರ್‌ಗೂ ಕಾಪಿ ಇರುತ್ತೆ, ದಿನ ಕಡಿಮೆ ಇದೆ ಅದಕ್ಕೆ." ಪಾರ್ಟ್‌ನರ್‌ಗೂ ಮೊದಲೇ ತೋರಿಸಿರಬೇಕು. ನಿರ್ದೇಶಕರು ಫೋನ್ ಮಾಡಿದಾಗ "ಯಾವ ಮೇಲ್?" ಎಂದು ಪಾರ್ಟ್‌ನರ್ ಕೇಳಿದರೆ ಮೇಲ್‌ನ ಬಲವೆಲ್ಲ ಹೋಯಿತು.

"ಈಗಾಗಲೇ ಕಳಿಸಿದ್ದರೆ ದಿನಾಂಕ ತಿಳಿಸಿ" ಎಂಬ ಸಾಲು ಬರೀ ಉಪಚಾರಕ್ಕಲ್ಲ. ಅಟ್ಯಾಚ್‌ಮೆಂಟ್ ಭಾರವಾಗಿ ಮೇಲ್ ಹೋಗದೇ ಇರುವುದು, ಕೆಲಸ ಬಿಟ್ಟುಹೋದ ಆರ್ಟಿಕಲ್‌ನ ವಿಳಾಸಕ್ಕೋ ವಾಟ್ಸ್‌ಆ್ಯಪ್‌ಗೋ ಹೋಗಿರುವುದು ಆಗುತ್ತಲೇ ಇರುತ್ತದೆ. ತಪ್ಪು ನಮ್ಮ ಕಡೆಯೂ ಇರಬಹುದೆಂದು ಮೊದಲೇ ಒಪ್ಪಿದರೆ ಜಗಳಕ್ಕೆ ಜಾಗವಿರುವುದಿಲ್ಲ.

ಉತ್ತರ ಬಂದ ಮೇಲೆ

ನಮ್ಮ ಉದಾಹರಣೆಯಲ್ಲಿ ಬುಧವಾರ ಆರ್ಟಿಕಲ್ ಪೀಣ್ಯಕ್ಕೆ ಹೋಗಿ ಚಲನ್ ಎಣಿಸಿದರು ಎನ್ನೋಣ. ಮಾರ್ಚ್ 31ಕ್ಕೆ ಮುಂಚೆ ಹೊರಟು ಏಪ್ರಿಲ್‌ನಲ್ಲಿ ಗೇಟ್ ದಾಟಿ ಒಳಬಂದ ಮಾಲು ₹4,90,000. ನೋಡಬೇಕಾದ್ದು ಮೊತ್ತವನ್ನಷ್ಟೇ ಅಲ್ಲ. ಚಲನ್ ಪುಸ್ತಕದ ಕ್ರಮಸಂಖ್ಯೆ ಒಂದರ ಹಿಂದೊಂದು ಬರುತ್ತದೆಯೇ, ಮಾರ್ಚ್ ತಾರೀಖಿನ ಚಲನ್‌ಗೆ ಏಪ್ರಿಲ್ ಚಲನ್‌ಗಳ ನಡುವಿನ ಸಂಖ್ಯೆ ಬಿದ್ದಿದೆಯೇ, ಒಂದೇ ಪೆನ್ನಿನಲ್ಲಿ ಒಂದೇ ಕೂತಲ್ಲಿ ಬರೆದಂತಿದೆಯೇ ಎಂದು ನೋಡಬೇಕು. ರಿಮೈಂಡರ್ ಹೋದ ಮೇಲೆ ಹುಟ್ಟಿಕೊಳ್ಳುವ ಕಾಗದ ಹೀಗೆ ಸಿಕ್ಕಿಬೀಳುತ್ತದೆ. ಪುಸ್ತಕದಲ್ಲಿ ಹಿಂದಿನ ತಾರೀಖು ಹಾಕಿ ಎಂಟ್ರಿ ತುರುಕಿದರೂ ತಿಳಿಯುತ್ತದೆ, ಏಕೆಂದರೆ 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್ ಪ್ರತಿ ಬದಲಾವಣೆಯ ಎಡಿಟ್ ಲಾಗ್ ಇಡುವುದು ಕಡ್ಡಾಯ.

ಚಲನ್‌ಗಳು ಸರಿಯಿದ್ದರೆ ಉಳಿಯುವುದು ₹1,28,400. ಇದು ಎಲ್ಲೂ ಇಲ್ಲದ ಮಾಲು, ನಿಜವಾದ ಕೊರತೆ. ಮಿತಿಯ ಒಳಗಿದೆ ಎಂದು ಸೀನಿಯರ್ ಸುಮ್ಮನಾಗುವುದಿಲ್ಲ. ತಿಳಿದ ತಪ್ಪನ್ನು ಸರಿಪಡಿಸಲು ಕಂಪನಿಯನ್ನು ಕೇಳುತ್ತಾರೆ, ಕಂಪನಿ ಅಷ್ಟನ್ನು ನಷ್ಟಕ್ಕೆ ಬರೆಯುತ್ತದೆ. 25ರ ಸಂಜೆ ಉತ್ತರವಾಗಿ ಹೋಗುವ ಮೇಲ್ ಚಿಕ್ಕದು:

> ಕ್ವೆರಿ 11 ಕ್ಲೋಸ್. ಕ್ವೆರಿ 9: ₹1,28,400ದ ಎಂಟ್ರಿ ಹಾಕಿ ಹೊಸ ಟ್ರಯಲ್ ಬ್ಯಾಲೆನ್ಸ್ ಕಳಿಸಿದರೆ ಕ್ಲೋಸ್. ಕ್ವೆರಿ 5: ಡೆಲಿವರಿ ಪ್ರತಿಗಳು ಬಂದಿವೆ, ಹಳೆಯ ₹11,35,000ದ ಬಗ್ಗೆ ನಿಮ್ಮ ಪತ್ರ ಬಂದಿಲ್ಲ. 28ರ ಬೆಳಿಗ್ಗೆ ನಮ್ಮ ಪಾರ್ಟ್‌ನರ್ ಡೈರೆಕ್ಟರ್ ಸರ್ ಜೊತೆ ಇದೊಂದೇ ವಿಷಯ ಮಾತಾಡುತ್ತಾರೆ. ಗೌರಿ ಗಣೇಶ ಹಬ್ಬದ ಶುಭಾಶಯಗಳು.